ಬೆಳಗಿನ ಜಾವದ ಕನಸಿಗೆ ಹತ್ತೇ ದಿನದ ಗಡುವು

ಹಲ್ಲು ಬಿದ್ದ ಹಾಗೆ ಕನಸು ಬಿತ್ತು ಅಂದರೆ ಸಾಕು, ಮನೆಯ ಹಿರಿಯರು ಮೊದಲು ಕೇಳೋದು "ಎಷ್ಟು ಹೊತ್ತಿಗೆ ಬಿತ್ತು?" ಅಂತ. ಬೆಳಗಿನ ಜಾವ ಅಂದರೆ ಮುಖ ಸಣ್ಣಗಾಗುತ್ತದೆ. ಆ ಹೊತ್ತಿನ ಕನಸು ನಿಜವಾಗುತ್ತೆ, ಅಲ್ವಾ?

ಋಗ್ವೇದದಲ್ಲಿ ಇದು ಉಲ್ಟಾ ಇತ್ತು. ಎಂಟನೇ ಮಂಡಲದ 47ನೇ ಸೂಕ್ತದಲ್ಲಿ, ಕೆಟ್ಟ ಕನಸನ್ನು ತೆಗೆದುಕೊಂಡು ಹೋಗಿ ದೂರದ ತ್ರಿತ ಆಪ್ತ್ಯನೆಂಬ ದೇವತೆಗೆ ಕೊಟ್ಟುಬಿಡು ಎಂದು ಬೆಳಗಿನ ದೇವತೆ ಉಷೆಯನ್ನು ಬೇಡುತ್ತಾರೆ. ಪಾಪ, ತ್ರಿತನ ಗತಿ! ಬೆಳಗಾಯಿತು ಅಂದರೆ ಕನಸು ತೊಲಗಿತು ಎಂಬ ಸಮಾಧಾನ ಆಗ.

ವಾಲ್ಮೀಕಿ ರಾಮಾಯಣಕ್ಕೆ ಬಂದರೆ ಅದೇ ಹೊತ್ತು ಹೆದರಿಸುತ್ತದೆ. ದಶರಥ ಸತ್ತ ಮೇಲೆ ಭರತನನ್ನು ಕರೆತರಲು ಹೊರಟ ದೂತರು ಕೇಕಯದ ಊರು ಸೇರಿದ ರಾತ್ರಿಯೇ, ಬೆಳಗಾಗುವ ಹೊತ್ತಿಗೆ, ಅವನಿಗೆ ಕನಸು ಬಿತ್ತು. ಕೂದಲು ಕೆದರಿದ ಅಪ್ಪ ಬೆಟ್ಟದ ತುದಿಯಿಂದ ಸಗಣಿಯ ಹೊಂಡಕ್ಕೆ ಬೀಳುತ್ತಾನೆ. ಬೊಗಸೆಯಲ್ಲಿ ಎಣ್ಣೆ ಕುಡಿದು ನಗುತ್ತಾನೆ. ಕತ್ತೆ ಕಟ್ಟಿದ ರಥದಲ್ಲಿ ದಕ್ಷಿಣಕ್ಕೆ ಹೋಗುತ್ತಾನೆ. ಎಣ್ಣೆ, ಕತ್ತೆ, ದಕ್ಷಿಣ ದಿಕ್ಕು: ಲಂಕೆಯಲ್ಲಿ ತ್ರಿಜಟೆ ರಾವಣನ ಬಗ್ಗೆ ಕಂಡ ಕನಸಿನಲ್ಲೂ ಇವೇ ಇವೆ. ರಾಮನಿಗೆ ಮಾತ್ರ ಬಿಳಿ ಬಟ್ಟೆ, ಬಿಳಿ ಹೂಮಾಲೆ.

ಇದನ್ನೆಲ್ಲ ಲೆಕ್ಕಕ್ಕೆ ಇಳಿಸಿದ್ದು ಪುರಾಣಗಳು. ರಾತ್ರಿಗೆ ನಾಲ್ಕು ಜಾವ, ಒಂದೊಂದು ಸುಮಾರು ಮೂರು ಗಂಟೆ. ಅಗ್ನಿ ಪುರಾಣದ ಪ್ರಕಾರ ಮೊದಲ ಜಾವದ ಕನಸು ಫಲ ಕೊಡಲು ಒಂದು ವರ್ಷ, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು ತಿಂಗಳು, ನಾಲ್ಕನೆಯದಕ್ಕೆ ಹದಿನೈದು ದಿನ. ಅರುಣೋದಯದ ಕನಸಿಗೆ ಹತ್ತೇ ದಿನ. ಗಮನಿಸಿ, ರಾತ್ರಿಯ ಕನಸು ಸುಳ್ಳು ಅಂತ ಇಲ್ಲಿ ಹೇಳಿಲ್ಲ, ತಡ ಅಂತ ಅಷ್ಟೇ. ನಮ್ಮ ಬಾಯಲ್ಲಿ ಉಳಿದದ್ದು ಕೊನೆಯ ಸಾಲು ಮಾತ್ರ.

ಚರಕ ಸಂಹಿತೆ ಇನ್ನೂ ಜಾಗರೂಕ. ಅದು ಕನಸನ್ನು ಏಳು ಬಗೆ ಮಾಡುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಕನಸಾಗಿ ಬಂದರೆ ಫಲವೇ ಇಲ್ಲ ಅನ್ನುತ್ತದೆ. ಪರೀಕ್ಷೆಯ ಹಿಂದಿನ ದಿನ ಫೇಲಾದ ಕನಸು ಬಿದ್ದವರು ಸುಮ್ನೆ ಹೆದರಬೇಕಿಲ್ಲ. ಆದರೆ ಕನಸು ಕಂಡು ಎಚ್ಚರಾಗಿ ಮತ್ತೆ ನಿದ್ದೆ ಹೋಗದಿದ್ದರೆ ಫಲ ಬೇಗ ಮತ್ತು ದೊಡ್ಡದು ಎನ್ನುವುದೂ ಅಲ್ಲೇ ಇದೆ.

ಈ ಮಾತಿಗೆ ನಿದ್ದೆಯ ವಿಜ್ಞಾನದಲ್ಲಿ ಒಂದು ಎಳೆ ಸಿಗುತ್ತದೆ. ಕಣ್ಣಾಲಿ ಚುರುಕಾಗಿ ಓಡುವ ನಿದ್ದೆಯನ್ನು 1953ರಲ್ಲಿ ಗುರುತಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುವ ಈ ಹಂತ ಬೆಳಗಾಗುತ್ತಾ ಉದ್ದವಾಗುತ್ತದೆ. ಅದರ ನಡುವೆ ಎಚ್ಚರವಾದರೆ ಕನಸು ನೆನಪಿರುತ್ತದೆ. ನೆನಪಿದ್ದದ್ದನ್ನೇ ತಾನೇ ನಾವು ಆಮೇಲೆ ನಡೆದದ್ದರ ಜೊತೆ ತಾಳೆ ಹಾಕೋದು? ಹತ್ತು ಗಂಟೆಗೆ ಬಿದ್ದ ಕನಸು ಬೆಳಗಾಗುವಷ್ಟರಲ್ಲಿ ಮರೆತೇ ಹೋಗಿರುತ್ತದೆ.

ಕೆಟ್ಟ ಕನಸು ಬಿದ್ದೇಬಿಟ್ಟರೆ? ಒಂದೇ ರಾತ್ರಿ ಎರಡು ಕಂಡರೆ ಕೊನೆಯದ್ದೇ ಲೆಕ್ಕ ಅನ್ನುತ್ತದೆ ಅಗ್ನಿ ಪುರಾಣ. ಅದಕ್ಕೇ ಒಳ್ಳೆ ಕನಸು ಕಂಡವರು ಮತ್ತೆ ಮಲಗಬಾರದು. ಕೆಟ್ಟದ್ದು ಕಂಡವರು ಇನ್ನೊಂದು ನಿದ್ದೆ ತೆಗೆಯಬಹುದು, ಆರು ಗಂಟೆಯ ಬಸ್ಸು ಹಿಡಿಯೋದು ಇಲ್ಲದಿದ್ದರೆ.