ಮನೆಯ ಆರ್‌ಒಗೆ ಸಮುದ್ರದ ನೀರು ಹಾಕಿದರೆ?

"ಸರ್, ಗೋವಾದಿಂದ ಒಂದು ಕ್ಯಾನ್ ಸಮುದ್ರದ ನೀರು ತಂದೀನ್ರಿ. ಮನಿ ಆರ್‌ಒಗೆ ಹಾಕಿದ್ರ ಕುಡಿಯೋ ನೀರು ಬರ್ತದೇನ್ರಿ?"

ಬರೋದಿಲ್ಲ. ಕಲಬುರಗಿಯಲ್ಲಿ ಪ್ರತಿ ಬೇಸಿಗೆಗೂ ಯಾರಾದರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲವೂ ಹಿಂದಿರುವ ತಪ್ಪು ಒಂದೇ: ಆರ್‌ಒ ಅಂದರೆ ತುಂಬಾ ಸಣ್ಣ ತೂತಿನ ಜರಡಿ.

ಜರಡಿ ಅಲ್ಲ. ಜರಡಿಯಲ್ಲಿ ಹಿಟ್ಟು ತಾನಾಗಿಯೇ ಕೆಳಗೆ ಬೀಳುತ್ತದೆ. ಆದರೆ ಆರ್‌ಒ ಪೊರೆಯ ಒಂದು ಕಡೆ ಸಮುದ್ರದ ನೀರು, ಇನ್ನೊಂದು ಕಡೆ ಸಿಹಿನೀರು ಇಟ್ಟು ಪಂಪ್ ನಿಲ್ಲಿಸಿ ನೋಡಿ. ಸಿಹಿನೀರೇ ಉಪ್ಪಿನ ಕಡೆ ನುಗ್ಗುತ್ತದೆ! ಬಸ್‌ಸ್ಟ್ಯಾಂಡಿನ ಬಂಡಿಯಲ್ಲಿ ಸವತೆಕಾಯಿ ಹೋಳಿಗೆ ಉಪ್ಪು ಸವರಿದ ಕೂಡಲೇ ನೀರೊಡೆಯುತ್ತದೆ, ಅಲ್ವಾ? ಅದೇ ಆಸ್ಮಾಸಿಸ್. ಕರಗಿದ ಉಪ್ಪು ಕಾಳಾಗಿ ಉಳಿದಿರುವುದಿಲ್ಲ, ಸೋಡಿಯಂ ಮತ್ತು ಕ್ಲೋರೈಡ್ ಕಣಗಳಾಗಿ ಒಡೆದಿರುತ್ತದೆ. ಅವು ಬೆರೆತ ನೀರಿಗೆ ಅಲ್ಲಿಂದ ಬಿಟ್ಟುಹೋಗುವ ಒಲವು ಕಡಿಮೆ. ಪೊರೆಯಲ್ಲೂ ಜರಡಿಯಂಥ ತೂತುಗಳಿಲ್ಲ. ನೀರು ಅದರೊಳಗೇ ಬೆರೆತು ಆಚೆ ನುಸುಳುತ್ತದೆ, ಉಪ್ಪಿಗೆ ಅದು ತೀರಾ ಕಷ್ಟ.

ಈಗ ಲೆಕ್ಕ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಎಲ್ಲವನ್ನೂ ಅಡುಗೆ ಉಪ್ಪು ಅಂತ ಹಿಡಿದರೆ 0.6 ಮೋಲ್. ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ. ಒಂದೊಂದೂ ಎರಡಾಗಿ ಒಡೆಯುವುದರಿಂದ 1.2 ಮೋಲ್ ಕಣ. ಸಿಹಿನೀರು ಉಪ್ಪಿನ ಕಡೆ ನುಗ್ಗದಂತೆ ತಡೆಯಲು ಒಂದು ಮೋಲ್‌ಗೆ ಸುಮಾರು 25 ಬಾರ್ ಒತ್ತಡ ಬೇಕು, ಅಂದರೆ 30 ಬಾರ್. ನಿಜವಾಗಿ ಅಳೆದರೆ 27ರ ಆಸುಪಾಸು. ಅದು 270 ಮೀಟರ್ ಎತ್ತರದ ನೀರಿನ ಕಂಬ. ವಿಜಯಪುರದ ಗೋಳಗುಮ್ಮಟವನ್ನು ಐದು ಸಲ ಒಂದರ ಮೇಲೊಂದು ಇಟ್ಟಷ್ಟು! ಅದೇ 35 ಗ್ರಾಂ ಸಕ್ಕರೆ ಕರಗಿಸಿದರೆ ಬರೀ ಎರಡೂವರೆ ಬಾರ್. ಸಕ್ಕರೆಯ ಕಣ ದೊಡ್ಡದು, ಒಡೆಯುವುದೂ ಇಲ್ಲ, ಹಾಗಾಗಿ ಎಣಿಕೆ ಕಡಿಮೆ. ಯಾವ ಪದಾರ್ಥ ಅನ್ನುವುದಲ್ಲ, ಎಷ್ಟು ಕಣ ಅನ್ನುವುದೇ ಮುಖ್ಯ. ಇಂಥವನ್ನು ಕೊಲಿಗೇಟಿವ್ ಗುಣ ಅನ್ನುತ್ತಾರೆ.

ಮನೆಯ ಪಂಪ್ ಕೊಡುವುದು ಐದಾರು ಬಾರ್. ಲೀಟರಿಗೆ ಒಂದು ಗ್ರಾಂ ಉಪ್ಪಿರುವ ನಮ್ಮ ಬೋರ್‌ವೆಲ್ ನೀರಿನ ಒತ್ತಡ ಒಂದು ಬಾರ್‌ಗಿಂತ ಕಡಿಮೆ, ಅದಕ್ಕೆ ಸಾಕು. ಸಮುದ್ರಕ್ಕೆ 27 ದಾಟಿದರಷ್ಟೇ ನೀರು ಹಿಮ್ಮುಖವಾಗಿ ಹರಿಯಲು ಶುರು. ಅಲ್ಲಿಗೂ ಮುಗಿಯಲ್ಲ. ನೂರು ಲೀಟರಿನಲ್ಲಿ 45 ಲೀಟರ್ ತೆಗೆದರೆ ಉಳಿದ 55 ಲೀಟರ್‌ನಲ್ಲಿ ಎಲ್ಲ ಉಪ್ಪೂ ಸೇರಿ ಒತ್ತಡ 50 ಬಾರ್ ಹತ್ತಿರ ಹೋಗುತ್ತದೆ. ಅದಕ್ಕೇ ದೊಡ್ಡ ಘಟಕಗಳಲ್ಲಿ 55ರಿಂದ 70 ಬಾರ್. ಚೆನ್ನೈ ಹತ್ತಿರದ ಮಿಂಜೂರಿನಲ್ಲಿ 2010ರಲ್ಲಿ ದಿನಕ್ಕೆ ಹತ್ತು ಕೋಟಿ ಲೀಟರ್ ಸಾಮರ್ಥ್ಯದ ಇಂಥ ಘಟಕ ಶುರುವಾಯಿತು.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಕುಲ್ಫಿ ಮಡಕೆಯ ಐಸಿಗೆ ಉಪ್ಪು ಹಾಕಿದರೆ ಐಸ್ ಕರಗುವುದು ಉಪ್ಪಿಗೆ ಕಾವಿದೆ ಅಂತಲ್ಲ. ಅದೇ ಕಣಗಳ ಎಣಿಕೆ ನೀರು ಹೆಪ್ಪುಗಟ್ಟುವುದನ್ನೂ ತಡೆಯುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಲ್ಲ, ಸುಮಾರು −1.9 ಡಿಗ್ರಿಯಲ್ಲಿ. ಉಪ್ಪು ಜಾಸ್ತಿ ಇದ್ದರೆ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತಾ ಹೋಗುತ್ತದೆ. ಕರಗಲು ಬೇಕಾದ ಶಾಖವನ್ನು ಕುಲ್ಫಿಯ ಹಾಲಿನಿಂದಲೇ ಕಿತ್ತುಕೊಳ್ಳುತ್ತದೆ. ಮಡಕೆ −21 ಡಿಗ್ರಿವರೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಅಡುಗೆ ಉಪ್ಪಿನಿಂದ ಆಗಲ್ಲ.