ಮೂರು ಓದು, ನಡುವಿನ ಮಟ್ಟ: ಸಮೀಕರಣ ಬಿಡಿಸದೆ ಬಹುಪದೋಕ್ತಿ ಬರೆಯುವುದು

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಸೆಂಟಿಮೀಟರ್ ಗುರುತು ಹಾಕಿದ ಕಂಬವೊಂದರಲ್ಲಿ ಉಬ್ಬರದ ಮಟ್ಟ ಓದುತ್ತಿದ್ದೇವೆ ಎಂದುಕೊಳ್ಳಿ. ಬೆಳಿಗ್ಗೆ 10ಕ್ಕೆ 150 ಸೆಂ.ಮೀ., 11ಕ್ಕೆ 170, ಮಧ್ಯಾಹ್ನ 1ಕ್ಕೆ 168. 12 ಗಂಟೆಯ ಓದು ತಪ್ಪಿಹೋಗಿದೆ. (ಲೆಕ್ಕ ಸುಲಭವಾಗಲಿ ಎಂದು ಆರಿಸಿದ ಸಂಖ್ಯೆಗಳಿವು.) 11ರ ಮತ್ತು 1ರ ಓದುಗಳ ಸರಾಸರಿ ತೆಗೆದರೆ 169 ಬರುತ್ತದೆ. ಆದರೆ ಏರುತ್ತಿದ್ದ ನೀರು ನಡುವೆ ಎಲ್ಲೋ ತಿರುಗಿ ಇಳಿದಿದೆ. ಸರಳರೇಖೆ ಆ ಬಾಗನ್ನು ಹಿಡಿಯಲಾರದು. ಮೂರೂ ಬಿಂದುಗಳ ಮೂಲಕ ಹಾಯುವ ವರ್ಗ ಬಹುಪದೋಕ್ತಿ ಬೇಕು.

ಶಾಲೆಯ ಅಭ್ಯಾಸದಂತೆ a, b, c ಇಟ್ಟುಕೊಂಡು ಮೂರು ಸಮೀಕರಣ ಬರೆದು ಬಿಡಿಸಬಹುದು. ಅದರ ಅಗತ್ಯವೇ ಇಲ್ಲ. ಒಂದೊಂದು ಓದಿಗೂ ಒಂದೊಂದು ಆಧಾರ ಪದ ಕಟ್ಟಿದರೆ ಉತ್ತರವನ್ನು ನೇರವಾಗಿ ಬರೆಯಬಹುದು. ಈ ಸೂತ್ರಕ್ಕೆ ಲಗ್ರಾಂಜ್ ಹೆಸರಿದೆ. ಅವರು ಅದನ್ನು ಪ್ರಕಟಿಸಿದ್ದು 1795ರಲ್ಲಿ. ಎಡ್ವರ್ಡ್ ವೇರಿಂಗ್ 1779ರಲ್ಲೇ ಪ್ರಕಟಿಸಿದ್ದರು.

10 ಗಂಟೆಯಿಂದ ಕಳೆದ ಗಂಟೆಗಳನ್ನು t ಎನ್ನೋಣ. ಆಗ ಓದಿದ ಹೊತ್ತುಗಳು 0, 1, 3. ಮೊದಲ ಓದಿನ ಪದ t = 0 ಇದ್ದಾಗ 1 ಆಗಬೇಕು, t = 1 ಮತ್ತು t = 3 ಇದ್ದಾಗ ಸೊನ್ನೆಯಾಗಬೇಕು. ಸೊನ್ನೆ ಮಾಡುವುದು ಸುಲಭ: ಉಳಿದೆರಡು ಹೊತ್ತುಗಳನ್ನು ಕಳೆದು ಗುಣಿಸಿದರೆ ಆಯಿತು, (t − 1)(t − 3). ಇದು t = 0ರಲ್ಲಿ 3 ಆಗುತ್ತದೆ. ಹಾಗಾಗಿ 3ರಿಂದ ಭಾಗಿಸಿದರೆ ಅಲ್ಲಿ 1 ಸಿಗುತ್ತದೆ. ಛೇದ ಎಲ್ಲಿಂದ ಬಂತು ಎಂದು ಬಾಯಿಪಾಠ ಮಾಡಬೇಕಿಲ್ಲ. ಅಂಶದಲ್ಲಿ t ಬದಲು ಆ ಪದದ ಸ್ವಂತ ಹೊತ್ತನ್ನು ಹಾಕಿದಾಗ ಬರುವ ಸಂಖ್ಯೆಯೇ ಅದು. ಉಳಿದೆರಡು ಪದಗಳೂ ಹೀಗೆಯೇ:

```
L0 = (t − 1)(t − 3) / 3
L1 = t(t − 3) / (−2)
L2 = t(t − 1) / 6

p(t) = 150·L0 + 170·L1 + 168·L2
```

ಬಹುಪದೋಕ್ತಿ ಇಷ್ಟೇ, ಬರೆದಾಯಿತು. t = 1 ಹಾಕಿ ನೋಡಿ: L0, L2 ಎರಡೂ ಮಾಯವಾಗುತ್ತವೆ, L1 ಒಂದಾಗುತ್ತದೆ, 170 ಮಾತ್ರ ಉಳಿಯುತ್ತದೆ. ಮೂರೂ ಓದುಗಳಿಗೆ ಇದೇ ಆಗುವುದರಿಂದ ಬಿಡಿಸಲು ಸಮೀಕರಣವೇ ಉಳಿಯುವುದಿಲ್ಲ. ಬೇಕಿದ್ದರೆ ಬಿಚ್ಚಿ ಬರೆಯಿರಿ, 150 + 27t − 7t² ಬರುತ್ತದೆ. ಮಟ್ಟ ಮಾತ್ರ ಬೇಕಿದ್ದರೆ ಬಿಚ್ಚುವ ಶ್ರಮವೂ ಬೇಡ. ಒಂದೇ ಹೊತ್ತಿಗೆ ಎರಡು ಓದು ಬರೆದಿದ್ದರೆ ಮಾತ್ರ ಛೇದ ಸೊನ್ನೆಯಾಗಿ ಇಡೀ ಲೆಕ್ಕ ನಿಂತುಹೋಗುತ್ತದೆ.

ಈಗ 12 ಗಂಟೆ, ಅಂದರೆ t = 2. ಪದಗಳ ಬೆಲೆ, ಅಂದರೆ ಒಂದೊಂದು ಓದಿಗೂ ಸಿಗುವ ತೂಕ, ಕ್ರಮವಾಗಿ −1/3, 1, 1/3. ಮಟ್ಟ −50 + 170 + 56 = 176 ಸೆಂ.ಮೀ. ಸರಾಸರಿ ಕೊಟ್ಟದ್ದಕ್ಕಿಂತ 7 ಸೆಂ.ಮೀ. ಹೆಚ್ಚು. ಮರುದಿನವೂ ಇದೇ ಹೊತ್ತುಗಳಲ್ಲಿ ಓದಿದರೆ ಈ ಮೂರು ತೂಕಗಳು ಬದಲಾಗುವುದಿಲ್ಲ. ಹೊಸ ಮಟ್ಟಗಳಿಗೆ ಅವನ್ನೇ ಗುಣಿಸಿದರೆ ಸಾಕು.

ತಪ್ಪು ಹೆಚ್ಚಾಗಿ ಆಗುವುದು ನಡುವಿನ ಪದದ ಚಿಹ್ನೆಯಲ್ಲಿ. 1 − 3 ಎಂದರೆ −2, ಅದನ್ನು 2 ಎಂದು ಬರೆದುಬಿಡುತ್ತಾರೆ. ಹಿಡಿಯಲು ಒಳ್ಳೆಯ ಉಪಾಯವಿದೆ: ಯಾವ t ಹಾಕಿದರೂ ಮೂರೂ ತೂಕಗಳ ಮೊತ್ತ 1 ಆಗಲೇಬೇಕು, ಏಕೆಂದರೆ ಮೂರೂ ಹೊತ್ತಿಗೆ ಮಟ್ಟ ಒಂದೇ ಇದ್ದಿದ್ದರೆ ಉತ್ತರವೂ ಅದೇ ಮಟ್ಟವಾಗಬೇಕು. ಮೇಲಿನ ತಪ್ಪಿನಲ್ಲಿ −1/3 − 1 + 1/3 ಸೇರಿ −1 ಆಗುತ್ತದೆ, ಕೂಡಲೇ ಗೊತ್ತಾಗುತ್ತದೆ. ಮಟ್ಟಗಳನ್ನೇ ಅದಲುಬದಲಾಗಿ ಬರೆದಿದ್ದರೆ ಈ ಮೊತ್ತ ಅದನ್ನು ತೋರಿಸದು. ಅದಕ್ಕೆ ಓದಿದ ಒಂದೊಂದು ಹೊತ್ತನ್ನೂ ಹಾಕಿ ಓದಿದ ಮಟ್ಟವೇ ಮರಳಿ ಬರುತ್ತದೆಯೇ ಎಂದು ನೋಡಬೇಕು. ತೂಕವೊಂದು ಋಣವಾಗಿದ್ದರೆ ಗಾಬರಿ ಬೇಡ. 10 ಗಂಟೆಯ ಓದಿನಲ್ಲಿ 3 ಸೆಂ.ಮೀ. ಹೆಚ್ಚು ಬರೆದಿದ್ದರೆ 12ರ ಅಂದಾಜು 1 ಸೆಂ.ಮೀ. ಕಡಿಮೆಯಾಗುತ್ತದೆ, ಅಷ್ಟೇ.

ಓದಿದ ಹೊತ್ತುಗಳ ಆಚೆಗೆ ಹೋದಾಗ ಮಾತೇ ಬೇರೆ. ಸಂಜೆ 6ಕ್ಕೆ, ಅಂದರೆ t = 8ಕ್ಕೆ, ತೂಕಗಳು 35/3, −20, 28/3. ಮೊತ್ತ ಈಗಲೂ 1, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಉತ್ತರ −82 ಸೆಂ.ಮೀ. 11 ಗಂಟೆಯ ಓದಿನಲ್ಲಿ ಒಂದೇ ಒಂದು ಸೆಂ.ಮೀ. ವ್ಯತ್ಯಾಸವಾದರೂ ಇಲ್ಲಿ 20 ಸೆಂ.ಮೀ. ಅಲುಗುತ್ತದೆ. ಅದಕ್ಕಿಂತ ಮೂಲದ ತೊಂದರೆ ಎಂದರೆ, ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರ ಕಳೆದು ಸುಮಾರು ಆರು ಗಂಟೆಗೆ ನೀರು ತಳ ಮುಟ್ಟಿ ಮತ್ತೆ ಏರತೊಡಗುತ್ತದೆ. ವರ್ಗ ಬಹುಪದೋಕ್ತಿಗೆ ತಿರುವು ಒಂದೇ. ಒಮ್ಮೆ ಇಳಿಯತೊಡಗಿದರೆ ಅದು ಇಳಿಯುತ್ತಲೇ ಹೋಗುತ್ತದೆ. ಸಂಜೆಯ ಮಟ್ಟ ಬೇಕಿದ್ದರೆ ಸಂಜೆಯ ಆಚೀಚೆ ಮೂರು ಓದು ತೆಗೆದುಕೊಂಡು ಆಧಾರ ಪದಗಳನ್ನು ಹೊಸದಾಗಿ ಬರೆಯಬೇಕು.