ಹದಿನಾಲ್ಕು ಸಲ ಓದಿದವರು, ಮೂರು ಸಲ ಓದಿದವರು

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳು ಅದೇ ಪಾಠವನ್ನು ಮತ್ತೆ ಮತ್ತೆ ಓದುತ್ತಾರೆ. ಹೀಗೆ ಓದಿದ್ದು ತಲೆಯಲ್ಲಿ ಎಷ್ಟು ದಿನ ಉಳಿಯುತ್ತದೆ? ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇದನ್ನು ಅಳೆದು ನೋಡಿದರು.

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಬರಹ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಓದಿತು. ಸರಾಸರಿ ಹದಿನಾಲ್ಕು ಸಲ ಓದಿದ ಹಾಗಾಯಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು, ಸರಾಸರಿ ಮೂರು ನಾಲ್ಕು ಸಲ. ಉಳಿದ ಮೂರು ಅವಧಿಯಲ್ಲಿ ಬರಹವನ್ನು ನೋಡದೆ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು.

ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಗೆದ್ದರು. ಅವರಿಗೆ 83% ನೆನಪಿತ್ತು, ಬರೆದವರಿಗೆ 71%. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು. ಓದಿದವರಲ್ಲಿ ಉಳಿದದ್ದು 40%, ಬರೆದವರಲ್ಲಿ 61%. ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಜಾಸ್ತಿ ಇದ್ದದ್ದು ಓದಿ ಓದಿ ಕಲಿತವರಿಗೇ.

ಇದು ಸೋಮಾರಿತನವಲ್ಲ, ಮಿದುಳು ಮಾಡುವ ಮೋಸ. ಐದನೇ ಸಲ ಓದುವಾಗ ಸಾಲುಗಳು ಸರಾಗವಾಗಿ ಸಾಗುತ್ತವೆ. ಆ ಸರಾಗವನ್ನೇ ನಾವು ತಿಳುವಳಿಕೆ ಎಂದುಕೊಳ್ಳುತ್ತೇವೆ. ಮರುದಿನವೇ ಪರೀಕ್ಷೆಯಿದ್ದರೆ ಆ ಭ್ರಮೆಗೆ ಅಂಕವೂ ಸಿಗುತ್ತದೆ. ಮರೆವು ಶುರುವಾಗುವ ಹೊತ್ತಿಗೆ ಕೇಳುವವರು ಯಾರೂ ಇರುವುದಿಲ್ಲ.

ಉರು ಹೊಡೆಯುವವರೂ ಪುಸ್ತಕ ಮುಚ್ಚಿ ಒಪ್ಪಿಸುತ್ತಾರಲ್ವಾ ಎಂದು ಕೇಳಬಹುದು. ನಿಜ, ಅಷ್ಟರ ಮಟ್ಟಿಗೆ ಅದೂ ನೆನಪನ್ನು ಗಟ್ಟಿ ಮಾಡುತ್ತದೆ. ಮಗ್ಗಿಗೆ ಅದು ಬೇಕು ಕೂಡ. ಆದರೆ ಗಟ್ಟಿಯಾಗುವುದು ಒಂದೇ ಕ್ರಮದ ಪದಗಳು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಆ ಸರಪಳಿ ಅಲ್ಲೇ ಕಡಿದುಹೋಗುತ್ತದೆ.

ಇದಕ್ಕೆ ಭಯವೂ ಸೇರಿದರೆ ಇನ್ನೂ ಕಷ್ಟ. ಲೆಕ್ಕ ಬಿಡಿಸುವಾಗ ಅಂಕಿಗಳನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗೆ ಒಂದು ಮಿತಿ ಇದೆ. 'ಫೇಲಾದರೆ ಏನು ಗತಿ' ಎಂಬ ಯೋಚನೆಯೂ ಅದೇ ಜಾಗವನ್ನು ತಿನ್ನುತ್ತದೆ. 2011ರಲ್ಲಿ ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತನೇ ತರಗತಿಯ ಮಕ್ಕಳು ಜೀವಶಾಸ್ತ್ರ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕದ ಬಗ್ಗೆ ಬರೆದರು. ತುಂಬಾ ಭಯಪಡುವ ಮಕ್ಕಳ ಅಂಕ ಏರಿತು. ಆ ಹತ್ತು ನಿಮಿಷದಲ್ಲಿ ಅವರು ಜೀವಶಾಸ್ತ್ರವನ್ನೇನೂ ಕಲಿಯಲಿಲ್ಲ. ಅಂದರೆ, ಗೊತ್ತಿದ್ದದ್ದನ್ನೂ ಭಯ ತಡೆಹಿಡಿದಿತ್ತು. ಅಂಥ ಮಕ್ಕಳಿಗೆ ದಡ್ಡರು ಎಂಬ ಹಣೆಪಟ್ಟಿ ಅಂಟಿಸುವುದು ದೊಡ್ಡ ಅನ್ಯಾಯ.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ನೆನಪಿನಿಂದ ತೆಗೆಯುವ ಅಭ್ಯಾಸವನ್ನು ಉಳಿಸಿಕೊಂಡು, ಅಂಕವನ್ನು ತೆಗೆದುಬಿಡುವುದು. ಚಂದ್ರನ ಕಲೆಗಳ ಪಾಠವನ್ನೇ ತೆಗೆದುಕೊಳ್ಳಿ. ಮರುದಿನ ತರಗತಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿರಲಿ. 'ಅರ್ಧಚಂದ್ರನ ದಿನ ಸೂರ್ಯ, ಭೂಮಿ, ಚಂದ್ರ ಎಲ್ಲೆಲ್ಲಿ ಇರುತ್ತವೆ? ಚಿತ್ರ ಬರೆಯಿರಿ.' ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತಾನೆ ಎಂಬ ತಪ್ಪು ತಿಳುವಳಿಕೆ ತುಂಬಾ ಸಾಮಾನ್ಯ. ಚಿತ್ರದಲ್ಲಿ ಅದು ತಕ್ಷಣ ಕಾಣಿಸುತ್ತದೆ. ನೆರಳು ಬೀಳುವುದು ಸೂರ್ಯನಿಗೆ ನೇರ ಎದುರು ದಿಕ್ಕಿಗೆ. ಅರ್ಧಚಂದ್ರ ಇರುವುದು ಪಕ್ಕಕ್ಕೆ, ಸುಮಾರು 90 ಡಿಗ್ರಿಯಲ್ಲಿ. ನೆರಳು ಅಲ್ಲಿಗೆ ಮುಟ್ಟುವುದೇ ಇಲ್ಲ! ಸರಿಯುತ್ತರವನ್ನು ಆಗಲೇ ಹೇಳಬೇಕು, ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗುವ ಅಪಾಯವಿದೆ.

ಒಂದು ವಾರ ಬಿಟ್ಟು, 'ಹುಣ್ಣಿಮೆ ಚಂದ್ರ ಸುಮಾರು ಯಾವ ಹೊತ್ತಿಗೆ ಹುಟ್ಟುತ್ತಾನೆ, ಯಾಕೆ?' ಎಂದು ಕೇಳಿ. ತಿಂಗಳು ಬಿಟ್ಟು ಇನ್ನೊಂದು: 'ನಮಗೆ ಹುಣ್ಣಿಮೆಯಾದ ದಿನ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೇಗೆ ಕಾಣುತ್ತದೆ?' ವ್ಯಾಖ್ಯೆಯನ್ನು ಎಷ್ಟೇ ಉರು ಹೊಡೆದರೂ ಇದಕ್ಕೆ ಉತ್ತರ ಸಿಗದು. ಅಲ್ಲಿಂದ ನೋಡಿದರೆ ಭೂಮಿಯ ಕತ್ತಲ ಬದಿಯೇ ಎದುರಿಗಿರುತ್ತದೆ. ಚಿತ್ರ ಅರ್ಥವಾದ ಮಗು ಇದನ್ನು ತಾನೇ ಕಂಡುಕೊಳ್ಳುತ್ತದೆ.

ಈ ವಿಧಾನಕ್ಕೂ ಮಿತಿ ಇದೆ. ಪಾಠವೇ ಅರ್ಥವಾಗದ ಮಗುವಿನ ಹಾಳೆ ಖಾಲಿಯೇ ಇರುತ್ತದೆ. ನೆನಪಿನಿಂದ ತೆಗೆಯಲು ಒಳಗೆ ಏನಾದರೂ ಇರಬೇಕಲ್ಲ. ತರಗತಿಯ ಅರ್ಧದಷ್ಟು ಹಾಳೆಗಳು ಖಾಲಿ ಬಂದರೆ ಶಿಕ್ಷಕರು ಪಾಠವನ್ನು ಬೇರೆ ರೀತಿಯಲ್ಲಿ ಮತ್ತೆ ಹೇಳಿಕೊಡಬೇಕು. ಮತ್ತೆ, ಆ ಹಾಳೆಗಳಿಗೆ ಸುಮ್ನೆ ಒಂದೆರಡು ಅಂಕ ಸೇರಿಸೋಣ ಎಂಬ ಆಸೆಗೆ ಬೀಳಬಾರದು. ಅಂಕ ಬಂದ ಕೂಡಲೇ ಮಕ್ಕಳು ಗೊತ್ತಿಲ್ಲದ್ದನ್ನು ಮುಚ್ಚಿಡಲು, ಪಕ್ಕದವರ ಹಾಳೆ ನೋಡಲು ಶುರು ಮಾಡುತ್ತಾರೆ. ಆಮೇಲೆ ಯಾರಿಗೆ ಏನು ಅರ್ಥವಾಗಿಲ್ಲ ಎಂಬುದು ಶಿಕ್ಷಕರಿಗೆ ಆ ಹಾಳೆಯಿಂದ ತಿಳಿಯುವುದೇ ಇಲ್ಲ.